ಹಳೇ ಪಿನ್ನು, ಹೊಸ ಸಾಕೆಟ್ಟು: ಪ್ರಿಂಟರ್ ಮತ್ತು ಹಾರ್ಡ್‌ಡಿಸ್ಕ್ ಕೇಬಲ್‌ಗಳ ಲೆಕ್ಕ

ದೇವದುರ್ಗದ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಕೇಬಲ್ ಕೇಳಿ. "ಸಿ ಟೈಪ್ ಬೇಕೇನ್ರಿ, ಸಾದಾ ಬೇಕೇನ್ರಿ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಸಾದಾ ಎಂದರೆ ಹಳೆಯ ಮೊಬೈಲುಗಳ ಮೈಕ್ರೋ ಪಿನ್ನು. ಊರಿನ ಮುಕ್ಕಾಲು ಪಾಲು ಕೇಬಲ್ ವ್ಯಾಪಾರ ಈ ಎರಡರಲ್ಲೇ ಮುಗಿಯುತ್ತದೆ. ಮುಗಿಯದೆ ಉಳಿಯುವವರು ಇಬ್ಬರು. ಒಬ್ಬರು ಪಹಣಿ, ಜಾತಿ ಪ್ರಮಾಣಪತ್ರಗಳ ಪ್ರಿಂಟ್ ತೆಗೆದುಕೊಡುವ ಜೆರಾಕ್ಸ್ ಅಂಗಡಿಯವರು. ಅವರ ಪ್ರಿಂಟರಿನ ಬೆನ್ನಿಗೆ ಬೇಕಾದದ್ದು ಚೌಕ ಪಿನ್ನು. ಇನ್ನೊಬ್ಬರು ಮದುವೆ ಸೀಸನ್ನಿನಲ್ಲಿ ಟೆರಾಬೈಟ್‌ಗಟ್ಟಲೆ ವಿಡಿಯೋ ಕೂಡಿಡುವ ಫೋಟೋ ಸ್ಟುಡಿಯೋದವರು. ಅವರ ಹಾರ್ಡ್‌ಡಿಸ್ಕಿಗೆ ಬೇಕಾದದ್ದು ಎರಡು ತುಂಡು ಒತ್ತಟ್ಟಿಗೆ ಜೋಡಿಸಿದಂತೆ ಕಾಣುವ ಅಗಲ ಪಿನ್ನು. ಈ ಎರಡೂ ಯುಎಸ್‌ಬಿಯೇ. ಆದರೆ ಕಂಪ್ಯೂಟರಿಗೆ ಸಿಕ್ಕಿಸುವ ತುದಿ ಬಿಟ್ಟರೆ ನಾವು ದಿನವೂ ನೋಡುವ ಯುಎಸ್‌ಬಿಯ ಹೋಲಿಕೆ ಇವುಗಳಲ್ಲಿ ಇಲ್ಲ. ಮಾನ್ವಿಯಲ್ಲೂ ಇದೇ ಸ್ಥಿತಿ. ಕೇಬಲ್ ಹಾಳಾದರೆ ರಾಯಚೂರಿನ ಬಸ್ಸು ಹತ್ತಬೇಕು, ಇಲ್ಲವೇ ಆನ್‌ಲೈನಿನಲ್ಲಿ ತರಿಸಿ ಕಾಯಬೇಕು. ತಪ್ಪು ಕೇಬಲ್ ತಂದರೆ ಅಷ್ಟೂ ಖರ್ಚು ಇನ್ನೊಮ್ಮೆ.

ಒಂದೇ ತಂತಿಯ ಎರಡು ತುದಿಗಳು ಬೇರೆಬೇರೆ ಆಗಿರುವುದು ಯಾಕೆ ಎಂಬುದು ತಿಳಿದರೆ ಉಳಿದದ್ದು ಸುಲಭ. 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ನಿಯಮಾವಳಿ ಹೊರಬಂತು. ಅದನ್ನು ರೂಪಿಸಿದ ಇಂಟೆಲ್ ತಂಡದ ಮುಂಚೂಣಿಯಲ್ಲಿದ್ದವರು ಗುಜರಾತ್ ಮೂಲದ ಎಂಜಿನಿಯರ್ ಅಜಯ್ ಭಟ್. ಅದಕ್ಕೂ ಮೊದಲು ಪ್ರಿಂಟರಿಗೆ ಅಂಗೈ ಅಗಲದ, ಸ್ಕ್ರೂ ತಿರುಗಿಸಿ ಬಿಗಿಯುವ 25 ಪಿನ್ನಿನ ಕೇಬಲ್ ಇತ್ತು. ಮೌಸಿಗೆ ಒಂದು ಬಗೆ, ಮೋಡೆಮ್ಮಿಗೆ ಇನ್ನೊಂದು ಬಗೆ. ಅವೆಲ್ಲವನ್ನೂ ತೆಗೆದು ಒಂದೇ ಮಾಡಬೇಕೆಂಬುದು ಈ ತಂಡದ ಗುರಿ. ಆದರೆ ಅವರ ವ್ಯವಸ್ಥೆಯಲ್ಲಿ ಎರಡು ಕಡೆಗಳು ಸಮಾನವಲ್ಲ. ಒಂದು ಕಡೆ ಯಜಮಾನ, ಅಂದರೆ ಕಂಪ್ಯೂಟರ್. ಅದು 5 ವೋಲ್ಟ್ ಕರೆಂಟ್ ಕೊಡುತ್ತದೆ, ಮಾತು ಶುರುಮಾಡುತ್ತದೆ. ಇನ್ನೊಂದು ಕಡೆ ಕೇಳಿದಾಗ ಉತ್ತರ ಕೊಡುವ ಸಾಧನ, ಅಂದರೆ ಪ್ರಿಂಟರ್, ಸ್ಕ್ಯಾನರ್, ಡಿಸ್ಕ್. ಎರಡು ಕಂಪ್ಯೂಟರುಗಳನ್ನು ಯಾರಾದರೂ ನೇರವಾಗಿ ಜೋಡಿಸಿಬಿಟ್ಟರೆ ಎರಡೂ ಕಡೆಯಿಂದ ಕರೆಂಟ್ ನುಗ್ಗಿ ಪೋರ್ಟ್ ಸುಡಬಹುದು. ಅದನ್ನು ತಡೆಯಲು ಅವರು ತುದಿಗಳ ಆಕಾರವನ್ನೇ ಬೇರೆ ಮಾಡಿದರು. ಯಜಮಾನನ ಕಡೆಗೆ ಚಪ್ಪಟೆ ಎ ಪಿನ್ನು, ಸಾಧನದ ಕಡೆಗೆ ಬಿ ಪಿನ್ನು. ಚೌಕ ಪಿನ್ನಿನ ಹೆಸರು ಬಿ. ಹಾರ್ಡ್‌ಡಿಸ್ಕಿನ ಅಗಲ ಪಿನ್ನಿನ ಹೆಸರು ಮೈಕ್ರೋ ಬಿ. ಹಳೆಯ ಮೊಬೈಲಿನ ಸಾದಾ ಪಿನ್ನೂ ಮೈಕ್ರೋ ಬಿಯೇ. ಮೂರೂ ಒಂದೇ ಮನೆತನದವು, ಮೂರರ ಕೆಲಸವೂ "ನಾನು ಸಾಧನ" ಎಂದು ಆಕಾರದಿಂದಲೇ ಹೇಳುವುದು.

ಎರಡೂ ತುದಿ ಎ ಇರುವ ಕೇಬಲ್ ಕೂಡ ಮಾರುಕಟ್ಟೆಯಲ್ಲಿ ಸಿಗುತ್ತದೆ. ಲ್ಯಾಪ್‌ಟಾಪ್ ಕೂಲರಿನ ಜೊತೆ, ಕೆಲವು ಅಗ್ಗದ ಡಿಸ್ಕ್ ಡಬ್ಬಿಗಳ ಜೊತೆ ಬರುತ್ತದೆ. ಅದು ಆಯಾ ವಸ್ತುವಿಗೆ ಮಾತ್ರ. ಅದನ್ನು ಎರಡು ಕಂಪ್ಯೂಟರುಗಳ ನಡುವೆ ಹಾಕಬಾರದು.

ಚೌಕ ಪಿನ್ನಿನದು ನೇರ ಕಥೆ. ಅದರ ಅಳತೆ ಸುಮಾರು 8.5 ಮಿ.ಮೀ. ಅಗಲ, ಸುಮಾರು 7.8 ಮಿ.ಮೀ. ಎತ್ತರ. ಮೇಲಿನ ಎರಡು ಮೂಲೆಗಳನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಹಾಗಾಗಿ ತಲೆಕೆಳಗಾಗಿ ಹೋಗುವುದಿಲ್ಲ. ಒಳಗೆ ನಾಲ್ಕೇ ಪಟ್ಟಿಗಳು: ಎರಡು ಕರೆಂಟಿಗೆ, ಎರಡು ಮಾಹಿತಿಗೆ. ದಪ್ಪ ತಗಡಿನ ಗೂಡು ಪ್ರಿಂಟರಿನ ಒಳಗಿನ ಬೋರ್ಡಿಗೆ ಗಟ್ಟಿಯಾಗಿ ಕೂತಿರುವುದರಿಂದ ಪ್ರಿಂಟರನ್ನು ಎಳೆದಾಡಿದರೂ ತಡೆದುಕೊಳ್ಳುತ್ತದೆ. ಪ್ರಿಂಟರ್ ಗೋಡೆಯ ಕರೆಂಟಿನಿಂದಲೇ ಓಡುತ್ತದೆ, ಕೇಬಲಿನ 5 ವೋಲ್ಟನ್ನು ನೆಚ್ಚಿಕೊಳ್ಳುವುದಿಲ್ಲ. ಮಾಹಿತಿಯ ವೇಗವೂ ಅದಕ್ಕೆ ಹೆಚ್ಚು ಬೇಡ. ಆದ್ದರಿಂದ ಇಷ್ಟು ವರ್ಷಗಳಾದರೂ ಪ್ರಿಂಟರ್ ಕಂಪನಿಗಳು ಈ ಸಾಕೆಟ್ಟನ್ನು ಬಿಟ್ಟಿಲ್ಲ. ಪ್ರಿಂಟರಿನ ಮಟ್ಟಿಗೆ ಬದಲಾಯಿಸುವ ಕಾರಣವೂ ಕಾಣುವುದಿಲ್ಲ.

ಇದರಲ್ಲಿ ಎಡವುವ ಜಾಗ ಮುಖ್ಯವಾಗಿ ಎರಡು. ಪ್ರಿಂಟರಿನ ಬೆನ್ನಿನಲ್ಲಿ ಚೌಕ ಸಾಕೆಟ್ಟಿನ ಪಕ್ಕದಲ್ಲೇ ಎಷ್ಟೋ ಮಾದರಿಗಳಲ್ಲಿ ನೆಟ್‌ವರ್ಕ್ ಸಾಕೆಟ್ಟೋ, ಫ್ಯಾಕ್ಸಿನ ಟೆಲಿಫೋನ್ ಸಾಕೆಟ್ಟೋ ಇರುತ್ತದೆ. ಪ್ರಿಂಟರನ್ನು ಮುಂದಕ್ಕೆ ಎಳೆಯದೆ ಬೆರಳ ಸ್ಪರ್ಶದಿಂದಲೇ ಹುಡುಕಿ ಸಿಕ್ಕಿಸುವವರ ಕೈಯಲ್ಲಿ ಚೌಕ ಪಿನ್ನು ಆ ನೆಟ್‌ವರ್ಕ್ ಸಾಕೆಟ್ಟಿನೊಳಗೆ ಹೋಗಿ ಕೂರುತ್ತದೆ. ಕೂತಿದೆ ಅನ್ನಿಸುತ್ತದೆ, ಆದರೆ ಅಲ್ಲಾಡುತ್ತಿರುತ್ತದೆ. ಸರಿಯಾದ ಜಾಗದಲ್ಲಿ ಕೂತ ಚೌಕ ಪಿನ್ನು ಬಿಗಿಯಾಗಿರುತ್ತದೆ, ಎಡಬಲಕ್ಕೆ ಅಲ್ಲಾಡುವುದಿಲ್ಲ. ಕಂಪ್ಯೂಟರು ಪ್ರಿಂಟರನ್ನೇ ಗುರುತಿಸುತ್ತಿಲ್ಲ ಎಂದಾಗ ಡ್ರೈವರನ್ನು ಅಳಿಸಿ ಮತ್ತೆ ಹಾಕುವ ಮುನ್ನ ಇದನ್ನೊಮ್ಮೆ ಟಾರ್ಚ್ ಹಿಡಿದು ನೋಡುವುದು ಒಳ್ಳೆಯದು.

ಎರಡನೆಯದು ನಮ್ಮ ಭಾಗದಲ್ಲಿ ಹೆಚ್ಚು ಗಮನಿಸಬೇಕಾದದ್ದು. ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಅರ್ಥಿಂಗ್ ಇರುವುದೇ ಇಲ್ಲ. ಆಗ ಕಂಪ್ಯೂಟರಿನ ಡಬ್ಬಿಯನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಪವರ್ ಸಪ್ಲೈನ ಒಳಗಿನ ಫಿಲ್ಟರ್ ಮೂಲಕ ಅಲ್ಪ ಸೋರಿಕೆ ಡಬ್ಬಿಗೆ ಬಂದು ನಿಂತಿರುತ್ತದೆ, ಹೋಗಲು ದಾರಿ ಇರುವುದಿಲ್ಲ. ಪ್ರಿಂಟರ್ ಬೇರೊಂದು ಬೋರ್ಡಿನಿಂದ ಓಡುತ್ತಿದ್ದು, ಎರಡೂ ಚಾಲೂ ಇರುವಾಗ ಚೌಕ ಪಿನ್ನನ್ನು ಸಿಕ್ಕಿಸಿದರೆ ತಗಡು ತಗಡಿಗೆ ತಾಗುವ ಕ್ಷಣದಲ್ಲಿ ಸಣ್ಣ ಕಿಡಿ ಹಾರಬಹುದು. ಆ ಕಿಡಿಗೆ ಪ್ರಿಂಟರಿನ ಯುಎಸ್‌ಬಿ ಭಾಗ ಸತ್ತರೆ, ಪ್ರಿಂಟರ್ ತನ್ನ ಪಾಡಿಗೆ ಜೆರಾಕ್ಸ್ ತೆಗೆಯುತ್ತಲೇ ಇರುತ್ತದೆ, ಕಂಪ್ಯೂಟರಿನ ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಕೇಬಲ್ ಬದಲಿಸಿದರೂ ಅದೇ. ಇಂಥ ಲಕ್ಷಣ ಕಂಡರೆ ಸತ್ತಿರುವುದು ಪೋರ್ಟ್ ಎಂದು ಬಹುಮಟ್ಟಿಗೆ ಹೇಳಬಹುದು. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟು, ಎರಡನ್ನೂ ಬಂದ್ ಮಾಡಿ ಕೇಬಲ್ ಸಿಕ್ಕಿಸಿ, ಆಮೇಲೆ ಚಾಲೂ ಮಾಡಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಪೂರ್ತಿ ಪರಿಹಾರ ಬೇಕಿದ್ದರೆ ಅರ್ಥಿಂಗ್ ಮಾಡಿಸಲೇಬೇಕು, ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು.

ಇನ್ನು ಅಗಲ ಪಿನ್ನು. ಗೊಂದಲವೂ ನಷ್ಟವೂ ಹೆಚ್ಚಾಗಿ ಇರುವುದು ಇಲ್ಲೇ.

2000ದಲ್ಲಿ ಬಂದ ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಫೈಲು ನಕಲು ಮಾಡುವಾಗ ಅದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್‌ಗೆ ಇಳಿಯುತ್ತದೆ. ಪ್ರಿಂಟರಿಗೆ ಅದು ಧಾರಾಳ, ಹಾರ್ಡ್‌ಡಿಸ್ಕಿಗೆ ಸಾಲದು. 2008ರ ನವೆಂಬರಿನಲ್ಲಿ ಯುಎಸ್‌ಬಿ 3.0 ಬಂದು ಮಿತಿಯನ್ನು 5 ಗಿಗಾಬಿಟ್‌ಗೆ ಏರಿಸಿತು. ಅದಕ್ಕೆ ಹಳೆಯ ನಾಲ್ಕು ತಂತಿಗಳು ಸಾಕಾಗಲಿಲ್ಲ, ಇನ್ನೂ ಐದು ಸಂಪರ್ಕಗಳು ಬೇಕಾದವು. ಎ ಪಿನ್ನಿನಲ್ಲಿ ಆ ಐದನ್ನು ಒಳಗೆ ಹಿಂಭಾಗದಲ್ಲಿ ಅಡಗಿಸಲು ಜಾಗ ಸಿಕ್ಕಿತು. ಚೌಕ ಬಿಯಲ್ಲಿ ಸಿಗಲಿಲ್ಲ, ಅದಕ್ಕೆ ನೆತ್ತಿಯ ಮೇಲೊಂದು ಗೂನು ಬಂತು. 1.8 ಮಿ.ಮೀ. ದಪ್ಪದ ಮೈಕ್ರೋ ಪಿನ್ನಿನಲ್ಲಂತೂ ಒಳಗೂ ಇಲ್ಲ, ಮೇಲೂ ಇಲ್ಲ. ಹಾಗಾಗಿ ಪಕ್ಕದಲ್ಲಿ ಇನ್ನೊಂದು ತುಂಡು ಅಂಟಿಸಿದರು. 6.85 ಮಿ.ಮೀ. ಇದ್ದ ಪಿನ್ನು 12.25 ಮಿ.ಮೀ. ಆಯಿತು. ಒಂದು ಅರ್ಧ ಮೊಬೈಲಿನ ಸಾದಾ ಮೈಕ್ರೋ ಪಿನ್ನಿನಂತೆಯೇ ಇದೆ, ಐದು ಪಟ್ಟಿ. ಇನ್ನೊಂದು ಅರ್ಧದಲ್ಲಿ ಹೊಸ ಐದು ಪಟ್ಟಿ. ನಡುವೆ ಕಾಣುವ ಕಚ್ಚು ಇವೆರಡರ ಗಡಿ. ಅಗಲ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಈ ಎರಡು ಕೋಣೆಗಳು ಬರಿಗಣ್ಣಿಗೆ ಕಾಣುತ್ತವೆ.

ಇದರಿಂದ ಹುಟ್ಟುವ ಒಂದು ನಿಯಮ ಚೌಕಕ್ಕೂ ಅಗಲಕ್ಕೂ ಒಂದೇ: ಹಳೇ ಪಿನ್ನು ಹೊಸ ಸಾಕೆಟ್ಟಿಗೆ ಹೋಗುತ್ತದೆ, ಹೊಸ ಪಿನ್ನು ಹಳೇ ಸಾಕೆಟ್ಟಿಗೆ ಹೋಗುವುದಿಲ್ಲ. ಗೂನಿರುವ ಚೌಕ ಪಿನ್ನು ಪ್ರಿಂಟರಿಗೆ ಕೂರುವುದಿಲ್ಲ. ಆದರೆ ಸಾಮಾನ್ಯ ಪ್ರಿಂಟರ್ ಕೇಬಲ್, ಟೇಬಲ್ ಮೇಲೆ ಇಡುವ ದೊಡ್ಡ ಹಾರ್ಡ್‌ಡಿಸ್ಕಿನ ಗೂನು ಸಾಕೆಟ್ಟಿಗೆ ಸಲೀಸಾಗಿ ಹೋಗುತ್ತದೆ. ಅಗಲ ಪಿನ್ನು ಮೊಬೈಲಿಗೆ ಹೋಗುವುದಿಲ್ಲ. ಮೊಬೈಲಿನ ಸಾದಾ ಪಿನ್ನು ಡಿಸ್ಕಿನ ಅಗಲ ಸಾಕೆಟ್ಟಿನ ಒಂದು ಅರ್ಧಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಹೋಗದೇ ಇದ್ದಿದ್ದರೆ ಕೇಬಲ್ ತಪ್ಪು ಎಂದು ಗೊತ್ತಾಗುತ್ತಿತ್ತು. ಹೋಗಿ ಕೂರುವುದರಿಂದಲೇ ತಪ್ಪು ಮುಚ್ಚಿಹೋಗುತ್ತದೆ, ಆಮೇಲೆ ಆಗುವ ತೊಂದರೆಗೆಲ್ಲ ಡಿಸ್ಕು ಹೊಣೆಯಾಗುತ್ತದೆ.

ಅದು ಹೇಗೆಂದು ಒಂದು ಪ್ರಸಂಗ ಇಟ್ಟುಕೊಂಡು ನೋಡೋಣ. ದೇವದುರ್ಗದ ಒಂದು ಸ್ಟುಡಿಯೋ. ಮದುವೆಯ 180 ಗಿಗಾಬೈಟ್ ವಿಡಿಯೋವನ್ನು ಡಿಸ್ಕಿಗೆ ಹಾಕಿ ಎಡಿಟಿಂಗ್‌ಗೆ ರಾಯಚೂರಿಗೆ ಕಳಿಸಬೇಕು. ಡಿಸ್ಕಿನ ಜೊತೆ ಬಂದಿದ್ದ ಒಂದೂವರೆ ಅಡಿಯ ಅಗಲ ಪಿನ್ನಿನ ಕೇಬಲ್ ಎಲ್ಲೋ ಹೋಗಿದೆ. ಹುಡುಗ ತನ್ನ ಹಳೇ ಮೊಬೈಲಿನ ಒಂದು ಮೀಟರ್ ಉದ್ದದ ಕೇಬಲ್ ತಂದು ಸಿಕ್ಕಿಸುತ್ತಾನೆ. "ಅಣ್ಣಾ, ಕೂತೈತ್ರಿ" ಅನ್ನುತ್ತಾನೆ. ಇಲ್ಲಿಂದ ಮೂರು ದಾರಿಗಳಿವೆ.

ಮೊದಲನೆಯದು ಅದೃಷ್ಟದ ದಾರಿ. ಡಿಸ್ಕ್ ತೆರೆಯುತ್ತದೆ, ನಕಲೂ ನಡೆಯುತ್ತದೆ, ಆದರೆ ಹಳೆಯ ನಾಲ್ಕು ತಂತಿಗಳ ಮೇಲೆ. ಸೆಕೆಂಡಿಗೆ 35 ಮೆಗಾಬೈಟ್ ಎಂದು ಹಿಡಿದರೆ 180 ಗಿಗಾಬೈಟಿಗೆ ಸುಮಾರು 1 ಗಂಟೆ 25 ನಿಮಿಷ ಬೇಕು. ಸರಿಯಾದ ಕೇಬಲಿದ್ದು, ಡಿಸ್ಕು ಸೆಕೆಂಡಿಗೆ 110 ಮೆಗಾಬೈಟ್ ಬರೆದಿದ್ದರೆ 27 ನಿಮಿಷದಲ್ಲಿ ಮುಗಿಯುತ್ತಿತ್ತು. "ಡಿಸ್ಕ್ ಹಳೇದಾತು, ಸ್ಲೋ ಆಗೈತಿ" ಎಂಬ ತೀರ್ಮಾನ ಬರುವುದು ಇಲ್ಲೇ. ಡಿಸ್ಕಿನಲ್ಲಿ ಯಾವ ದೋಷವೂ ಇಲ್ಲ.

ಎರಡನೆಯ ದಾರಿಯಲ್ಲಿ ಡಿಸ್ಕಿನ ಲೈಟು ಹತ್ತುತ್ತದೆ, ಒಳಗೆ ತಿರುಗುವ ಸದ್ದೂ ಕೇಳುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಏನೂ ಬರುವುದಿಲ್ಲ. ಪವರ್‌ಬ್ಯಾಂಕ್, ಬ್ಲೂಟೂತ್ ಸ್ಪೀಕರ್, ಟ್ರಿಮ್ಮರ್‌ಗಳ ಜೊತೆ ಬರುವ ಎಷ್ಟೋ ಕೇಬಲ್‌ಗಳಲ್ಲಿ ಕರೆಂಟಿನ ಎರಡೇ ತಂತಿಗಳಿರುತ್ತವೆ, ಮಾಹಿತಿಯ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿ ಇದನ್ನು ಹೇಳಲಾಗದು. ಅದೇ ಕೇಬಲಿನಿಂದ ಸಾದಾ ಪಿನ್ನಿನ ಮೊಬೈಲೊಂದನ್ನು ಕಂಪ್ಯೂಟರಿಗೆ ಹಚ್ಚಿ ಫೈಲು ಕಾಣುತ್ತದೆಯೇ ಎಂದು ನೋಡಬೇಕು. ಚಾರ್ಜ್ ಮಾತ್ರ ಆದರೆ ಆ ಕೇಬಲನ್ನು ಚಾರ್ಜಿಗೇ ಮೀಸಲಿಡಬೇಕು.

ಮೂರನೆಯ ದಾರಿ ಕೆಟ್ಟದ್ದು. ಡಿಸ್ಕು ತಿರುಗಲು ಶುರುಮಾಡಿ, ಟಿಕ್ ಎಂದು ನಿಂತು, ಮತ್ತೆ ತಿರುಗಿ, ಮತ್ತೆ ನಿಲ್ಲುತ್ತದೆ. ಇದಕ್ಕೆ ಕರೆಂಟಿನ ಕೊರತೆ ಕಾರಣವಿರಬಹುದು. ಯುಎಸ್‌ಬಿ 2.0 ಪೋರ್ಟ್ ಖಾತ್ರಿಯಾಗಿ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ 900. ಜೇಬಿನಲ್ಲಿ ಹಿಡಿಸುವ ಈ ಡಿಸ್ಕುಗಳಿಗೆ ಬೇರೆ ಅಡಾಪ್ಟರ್ ಇಲ್ಲ. ಮೋಟಾರು ನಿಂತ ಸ್ಥಿತಿಯಿಂದ ತಿರುಗಲು ಹೊರಡುವಾಗ ಅವು ಒಂದು ಆಂಪಿನ ಹತ್ತಿರ ಎಳೆಯುತ್ತವೆ. ಅದರ ಮೇಲೆ ಕೇಬಲಿನ ತಂತಿಯೇ ಪಾಲು ಕೇಳುತ್ತದೆ. ತೆಳು ಕೇಬಲಿನಲ್ಲಿ ತಾಮ್ರದ ಎಳೆಗಳೆಲ್ಲ ಸೇರಿ 0.32 ಮಿ.ಮೀ. ದಪ್ಪ ಇರಬಹುದು. ಅಂಥ ಒಂದು ಮೀಟರ್ ಕೇಬಲಿನಲ್ಲಿ ಹೋಗಿ ಬರುವ ದಾರಿಯ ರೋಧ ಸುಮಾರು 0.4 ಓಮ್. 0.9 ಆಂಪ್ ಹರಿದರೆ 0.36 ವೋಲ್ಟ್ ದಾರಿಯಲ್ಲೇ ಹೋಯಿತು. ಕಂಪ್ಯೂಟರಿನಿಂದ 5 ವೋಲ್ಟ್ ಹೊರಟರೂ ಡಿಸ್ಕಿಗೆ ಮುಟ್ಟುವುದು 4.64. ಈ ಡಿಸ್ಕುಗಳು ಸಾಮಾನ್ಯವಾಗಿ 4.75ಕ್ಕಿಂತ ಕೆಳಗೆ ಸರಿಯಾಗಿ ನಡೆಯುವ ಭರವಸೆ ಕೊಡುವುದಿಲ್ಲ. ಡಿಸ್ಕಿನ ಜೊತೆ ಬರುವ ಕೇಬಲ್ ಅಷ್ಟು ಗಿಡ್ಡ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಟಿಕ್ ಸದ್ದು ಕೇಳಿದೊಡನೆ ಡಿಸ್ಕ್ ಸತ್ತಿತೆಂದು ಎದೆ ಒಡೆದುಕೊಳ್ಳಬಾರದು, ಮತ್ತೆಮತ್ತೆ ಸಿಕ್ಕಿಸಿ ಪರೀಕ್ಷಿಸಲೂಬಾರದು. ತೆಗೆದಿಟ್ಟು, ಗಿಡ್ಡ ಅಗಲ ಪಿನ್ನಿನ ಕೇಬಲ್ ತಂದು, ಡೆಸ್ಕ್‌ಟಾಪ್ ಆಗಿದ್ದರೆ ಡಬ್ಬಿಯ ಹಿಂದಿನ ಪೋರ್ಟಿಗೆ ಹಾಕಿ ನೋಡಬೇಕು. ಮುಂದಿನ ಪೋರ್ಟ್‌ಗಳು ಒಳಗೆ ಇನ್ನೊಂದು ತೆಳು ತಂತಿಯ ಮೂಲಕ ಬೋರ್ಡಿಗೆ ಸೇರುತ್ತವೆ, ಹಿಂದಿನವು ಬೋರ್ಡಿನಲ್ಲೇ ಇರುತ್ತವೆ. ಸರಿ ಕೇಬಲ್, ಹಿಂದಿನ ಪೋರ್ಟ್, ಆದರೂ ಟಿಕ್ ಟಿಕ್ ಎಂದರೆ ಆಗ ಅದು ಡಿಸ್ಕಿನದೇ ರೋಗ. ಮನೆಮದ್ದು ನಿಲ್ಲಿಸಿ ಡಾಟಾ ತೆಗೆದುಕೊಡುವವರ ಬಳಿ ಹೋಗಬೇಕು.

ಬಣ್ಣ ನೋಡಿ ಗುರುತಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. 3.0ಕ್ಕೆ ನೀಲಿ ಎಂಬುದು ಸಲಹೆ ಮಾತ್ರ, ಕಡ್ಡಾಯವಲ್ಲ. ಕಪ್ಪು ನಾಲಿಗೆಯ 3.0 ಪೋರ್ಟುಗಳಿರುವ ಲ್ಯಾಪ್‌ಟಾಪುಗಳು ಬೇಕಾದಷ್ಟಿವೆ. ನೀಲಿ ಪ್ಲಾಸ್ಟಿಕ್ ಹಾಕಿ ಒಳಗೆ ನಾಲ್ಕೇ ಪಟ್ಟಿ ಇಡುವುದಕ್ಕೂ ಯಾವ ಅಡ್ಡಿಯೂ ಇಲ್ಲ. ಎ ತುದಿಯ ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಮುಂದೆ ನಾಲ್ಕು ಉದ್ದ ಪಟ್ಟಿಗಳು, ಅವುಗಳ ಹಿಂದೆ ಆಳದಲ್ಲಿ ಐದು ಸಣ್ಣವು ಕಂಡರೆ 3.0. ನಾಲ್ಕೇ ಕಂಡರೆ ಹಳೆಯದು. ಅಂಗಡಿಯಲ್ಲಿ ನಿಂತು ಮಾಡಬಹುದಾದ ಪರೀಕ್ಷೆ ಇದು, ಬಣ್ಣಕ್ಕಿಂತ ನಾನು ಇದನ್ನೇ ನಂಬುತ್ತೇನೆ.

ಕೇಬಲ್ ಮನೆಗೆ ಬಂದ ಮೇಲೆ ಯಾವ ವೇಗದಲ್ಲಿ ಕೂತಿದೆ ಎಂಬುದನ್ನು ಕಂಪ್ಯೂಟರನ್ನೇ ಕೇಳಬಹುದು. ವಿಂಡೋಸ್ ಕೆಲವೊಮ್ಮೆ ತಾನಾಗಿಯೇ, ಈ ಸಾಧನ ಇನ್ನೂ ವೇಗವಾಗಿ ನಡೆಯಬಲ್ಲದು ಎಂಬ ಸೂಚನೆಯನ್ನು ಮೂಲೆಯಲ್ಲಿ ತೋರಿಸುತ್ತದೆ. ಅದನ್ನು ಓದದೆ ಮುಚ್ಚಬಾರದು. ಲಿನಕ್ಸ್ ಇರುವವರು ಟರ್ಮಿನಲ್ಲಿನಲ್ಲಿ ಒಂದೇ ಸಾಲು ಟೈಪ್ ಮಾಡಿದರೆ ಸಾಕು:

```
lsusb -t
```

ಡಿಸ್ಕಿನ ಸಾಲಿನ ಕೊನೆಯಲ್ಲಿ `5000M` ಎಂದಿದ್ದರೆ ಎರಡೂ ಅರ್ಧಗಳು ಕೆಲಸ ಮಾಡುತ್ತಿವೆ. `480M` ಎಂದಿದ್ದರೆ ಹಳೆಯ ಅರ್ಧ ಮಾತ್ರ. ವಿಂಡೋಸಿನ ಸೂಚನೆಯೂ ಬರದೆ, ಲಿನಕ್ಸೂ ಇಲ್ಲದಿದ್ದರೆ ದೊಡ್ಡದೊಂದು ಫೈಲನ್ನು ನಕಲು ಮಾಡಿ ವೇಗ ನೋಡಿ. ಒಂದು ನಿಮಿಷವಾದರೂ 40ರ ಕೆಳಗೇ ನಿಂತಿದ್ದರೆ ಮೊದಲ ಅನುಮಾನ ಕೇಬಲಿನ ಮೇಲೆ ಇರಲಿ. ಸಾವಿರಾರು ಸಣ್ಣ ಫೋಟೋಗಳನ್ನು ನಕಲು ಮಾಡುತ್ತಾ ಈ ಪರೀಕ್ಷೆ ಮಾಡಬಾರದು, ಆಗ ಒಳ್ಳೆಯ ಕೇಬಲಿನಲ್ಲೂ ವೇಗ ಇಳಿಯುತ್ತದೆ.

ಸರಿಯಾದ ಕೇಬಲ್, 3.0 ಪೋರ್ಟ್ ಎರಡೂ ಇದ್ದು `480M` ಬರುವುದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಎ ಪಿನ್ನನ್ನು ನಿಧಾನವಾಗಿ ತಳ್ಳಿದರೆ ಮುಂದಿನ ನಾಲ್ಕು ಪಟ್ಟಿಗಳು ಮೊದಲು ತಾಗುತ್ತವೆ, ಹಿಂದಿನ ಐದು ತಾಗುವಷ್ಟರಲ್ಲಿ ಕಂಪ್ಯೂಟರು ಹಳೆಯ ವೇಗಕ್ಕೆ ಒಪ್ಪಿಕೊಂಡಿರುತ್ತದೆ. ತೆಗೆದು, ತಡೆಯದೆ ಒಂದೇ ಸಲಕ್ಕೆ ಪೂರ್ತಿ ಒತ್ತಿದರೆ ಇದು ಸರಿಹೋಗುತ್ತದೆ. ಇನ್ನೊಂದು ಕಾರಣ ಗಂಭೀರ. ಡಿಸ್ಕಿನ ಅಗಲ ಸಾಕೆಟ್ಟು ಚಿಕ್ಕ ಬೋರ್ಡಿನ ಅಂಚಿನಲ್ಲಿ ಬೆಸುಗೆಯ ಮೇಲೆ ನಿಂತಿದೆ. ಕೇಬಲ್ ಸಿಕ್ಕಿಸಿದ ಹಾಗೇ ಡಿಸ್ಕನ್ನು ಬ್ಯಾಗಿಗೆ ತುಂಬಿದರೆ, ಕೇಬಲ್ ಹಿಡಿದು ಡಿಸ್ಕನ್ನು ತೂಗಾಡಿಸಿದರೆ, ಬೆಸುಗೆ ಒಂದು ಕಡೆಯಿಂದ ಬಿರುಕು ಬಿಡುತ್ತದೆ. ಹೊಸ ಅರ್ಧ ಮೊದಲು ಹೋದರೆ ಡಿಸ್ಕು ತೆರೆಯುತ್ತದೆ, ವೇಗ ಮಾತ್ರ ಸತ್ತಿರುತ್ತದೆ. ಬೆರಳು ತಾಗಿದರೆ ಹೋಗಿ ಬರುವುದು ಅದರ ಮುಂದಿನ ಹಂತ. ಆ ಹಂತದಲ್ಲಿ ಸಿಕ್ಕಷ್ಟನ್ನು ಬೇರೆಡೆಗೆ ನಕಲು ಮಾಡಿಕೊಳ್ಳುವುದೇ ಮೊದಲ ಕೆಲಸ, ರಿಪೇರಿ ಆಮೇಲೆ.

ಸಾಕೆಟ್ಟು ಪೂರ್ತಿ ಕಿತ್ತರೆ ಏನು ಗತಿ ಎಂಬುದು ಡಿಸ್ಕಿನ ಒಳಗಿನ ಕಟ್ಟನ್ನು ಅವಲಂಬಿಸಿದೆ. ಕೆಲವು ಡಿಸ್ಕುಗಳ ಪ್ಲಾಸ್ಟಿಕ್ ಬಿಚ್ಚಿದರೆ ಒಳಗೆ ಸಾಟಾ ಸಾಕೆಟ್ಟಿರುವ ಸಾಮಾನ್ಯ ಲ್ಯಾಪ್‌ಟಾಪ್ ಡಿಸ್ಕು, ಅದರ ತುದಿಗೆ ಬಿಡಿಸಬಹುದಾದ ಪುಟ್ಟ ಬೋರ್ಡು ಇರುತ್ತದೆ. ಆ ಬೋರ್ಡು ತೆಗೆದು ಡಿಸ್ಕನ್ನು ಬೇರೆ ಡಬ್ಬಿಗೆ ಹಾಕಿದರೆ ಬಹುಪಾಲು ಕೆಲಸ ಮುಗಿಯಿತು. ಆದರೆ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಪಾಸ್‌ಪೋರ್ಟ್‌ನ ಹಲವು ಮಾದರಿಗಳಲ್ಲಿ ಸಾಟಾ ಸಾಕೆಟ್ಟೇ ಇಲ್ಲ, ಅಗಲ ಸಾಕೆಟ್ಟನ್ನು ಡಿಸ್ಕಿನ ಮೂಲ ಬೋರ್ಡಿಗೇ ಬೆಸೆದಿರುತ್ತಾರೆ. ಮಾಹಿತಿಯನ್ನು ಆ ಬೋರ್ಡೇ ಗುಪ್ತಲಿಪಿಗೆ ಹಾಕಿಟ್ಟಿರುವುದೂ ಉಂಟು. ಅಲ್ಲಿ ಬೋರ್ಡು ಬದಲಿಸಿ ನೋಡುವ ಪ್ರಯೋಗ ನಡೆಯುವುದಿಲ್ಲ, ಅದೇ ಬೋರ್ಡಿಗೆ ಹೊಸ ಸಾಕೆಟ್ಟು ಬೆಸೆಯಬಲ್ಲ ನುರಿತ ಕೈ ಬೇಕು. ಮೊಬೈಲ್ ರಿಪೇರಿಯಲ್ಲಿ ಚಾರ್ಜಿಂಗ್ ಪಿನ್ ಹಾಕುವವರು ಈ ಬೆಸುಗೆ ಮಾಡಬಲ್ಲರು, ಹತ್ತು ಪಟ್ಟಿಗಳು ಒಂದಕ್ಕೊಂದು ತಾಗದಂತೆ ನೋಡಿಕೊಂಡರೆ ಆಯಿತು.

ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ ಪೋರ್ಟು ಮಾತ್ರ ಇರುವುದು ಹೆಚ್ಚುತ್ತಿದೆ. 2014ರಲ್ಲಿ ಬಂದ ಸಿ ಪಿನ್ನು ಎರಡೂ ತುದಿಗೆ ಒಂದೇ ಆಕಾರ ಕೊಟ್ಟು, ಯಜಮಾನ ಯಾರೆಂಬುದನ್ನು ತಂತಿಯ ಮೇಲಿನ ಮಾತುಕತೆಗೆ ಬಿಟ್ಟಿತು. ಹೊಸ ಡಿಸ್ಕುಗಳೂ ಅದಕ್ಕೆ ಬದಲಾಗುತ್ತಿವೆ. ಹಾಗೆಂದು ಒಳ್ಳೆಯ ಪ್ರಿಂಟರನ್ನೋ ಡಿಸ್ಕನ್ನೋ ಬದಲಿಸಬೇಕಿಲ್ಲ. ಒಂದು ತುದಿ ಸಿ, ಇನ್ನೊಂದು ತುದಿ ಚೌಕ ಬಿ ಇರುವ ಕೇಬಲ್ ಸಿಗುತ್ತದೆ. ಸಿಯಿಂದ ಅಗಲ ಮೈಕ್ರೋ ಬಿಗೆ ಹೋಗುವುದೂ ಸಿಗುತ್ತದೆ. ಡಿಸ್ಕಿಗೆ ತರಿಸುವಾಗ ಚಿತ್ರದಲ್ಲಿ ಎರಡು ಕೋಣೆಯ ಪಿನ್ನು ಇದೆಯೇ, ವಿವರದಲ್ಲಿ 5 ಜಿಬಿಪಿಎಸ್ ಎಂದು ಬರೆದಿದೆಯೇ, ಉದ್ದ ಅರ್ಧ ಮೀಟರಿನ ಆಸುಪಾಸು ಇದೆಯೇ ನೋಡಬೇಕು. ಪ್ರಿಂಟರಿಗೆ ಒಂದೂವರೆ ಮೀಟರಿನ ಸಾಮಾನ್ಯ ಕೇಬಲ್ ಸಾಕು. 5 ಮೀಟರ್ ದಾಟಿದರೆ, ಅಥವಾ ಎಕ್ಸ್‌ಟೆನ್ಷನ್ ಮೇಲೆ ಎಕ್ಸ್‌ಟೆನ್ಷನ್ ಹಾಕಿದರೆ ಸಂಪರ್ಕ ತಪ್ಪಿ ಪ್ರಿಂಟ್ ನಡುವೆ ನಿಲ್ಲಬಹುದು. ಅಂಗಡಿಗೆ ಹೋಗುವವರು ಹೆಸರು ನೆನಪಿಟ್ಟುಕೊಳ್ಳಬೇಕಿಲ್ಲ. ಪ್ರಿಂಟರಿನ ಬೆನ್ನಿನ ಅಥವಾ ಡಿಸ್ಕಿನ ಸಾಕೆಟ್ಟಿನ ಫೋಟೋ ಒಂದು, ಕಂಪ್ಯೂಟರಿನ ಪೋರ್ಟಿನ ಫೋಟೋ ಇನ್ನೊಂದು, ಎರಡನ್ನೂ ಮೊಬೈಲಿನಲ್ಲಿ ತೆಗೆದುಕೊಂಡು ತೋರಿಸಿದರೆ ಕೊಡುವವರಿಗೆ ಗೊತ್ತಾಗುತ್ತದೆ. ಡಿಸ್ಕಿನದಾದರೆ ಡಿಸ್ಕನ್ನೇ ಒಯ್ದು, ಅಲ್ಲೇ ಸಿಕ್ಕಿಸಿ, ಎರಡು ಕೋಣೆಗಳೂ ತುಂಬಿದವೇ ಎಂದು ನೋಡಿ ದುಡ್ಡು ಕೊಡುವುದು ಇನ್ನೂ ಒಳ್ಳೆಯದು.